ಕಟ್ಟುತ್ತಿರುವ ಫ್ಲ್ಯಾಟ್‌ಗೆ ಸಾಲ: ಪ್ರೀ-ಇಎಂಐ ಬಡ್ಡಿ ಮತ್ತು ಮನೆ ಬಾಡಿಗೆ ಎರಡನ್ನೂ ಒಟ್ಟಿಗೆ ತೂಗಿಸುವ ಲೆಕ್ಕ

ಕಟ್ಟಡ ಇನ್ನೂ ಪಾಯದಲ್ಲಿರುವಾಗ ಫ್ಲ್ಯಾಟ್ ಬುಕ್ ಮಾಡಿದವರಿಗೆ ಮೊದಲ ಕೆಲವು ತಿಂಗಳು ಎಲ್ಲವೂ ಸಲೀಸು ಅನ್ನಿಸುತ್ತದೆ. ಬ್ಯಾಂಕು ತಿಂಗಳಿಗೆ ಎರಡು ಮೂರು ಸಾವಿರ ಬಡ್ಡಿ ಹಿಡಿಯುತ್ತದೆ, ಬಾಡಿಗೆ ಎಂದಿನಂತೆ ಹೋಗುತ್ತದೆ. ಇಷ್ಟೇನಾ ಎಂದು ಕಾರಿಗೋ ಊರು ಸುತ್ತಲಿಕ್ಕೋ ದುಡ್ಡು ಖರ್ಚಾಗುತ್ತದೆ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಅದೇ ಬಡ್ಡಿ ಮೂವತ್ತೈದು ಸಾವಿರ ದಾಟಿರುತ್ತದೆ, ಬಾಡಿಗೆಯೂ ಎರಡು ಸಲ ಏರಿರುತ್ತದೆ. ಕಟ್ಟಡ ಮೇಲೇಳುತ್ತ ಹೋದಂತೆ ನಿಮ್ಮ ತಿಂಗಳ ಭಾರವೂ ಮೇಲೇಳುತ್ತದೆ. ಅದರ ತುತ್ತತುದಿ ಬರುವುದು ಕೀಲಿಕೈ ಸಿಗುವ ಆಸುಪಾಸಿನಲ್ಲಿ. ಹಾಗಾಗಿ ಬಜೆಟ್ಟನ್ನು ಮೊದಲ ತಿಂಗಳಿಂದ ಶುರುಮಾಡದೆ ಕೊನೆಯ ತಿಂಗಳಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಇಲ್ಲಿ ಬೆಂಗಳೂರಿನ ಒಂದು ಲೆಕ್ಕವನ್ನೇ ಹಿಡಿದು ಹೋಗುತ್ತೇನೆ. ಫ್ಲ್ಯಾಟಿನ ಬೆಲೆ 80 ಲಕ್ಷ, ಸಾಲ 60 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 8.5, ಅವಧಿ 20 ವರ್ಷ. ಈಗಿರುವ ಬಾಡಿಗೆ ಮನೆಗೆ 25,000 ರೂಪಾಯಿ. ಗಂಡ ಹೆಂಡತಿ ಇಬ್ಬರದೂ ಸೇರಿ ಕೈಗೆ ಬರುವ ಸಂಬಳ ತಿಂಗಳಿಗೆ 1.3 ಲಕ್ಷ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಲೆಕ್ಕದ ದಾರಿ ಮಾತ್ರ ಇದೇ.

## ಮೊದಲು, ಪ್ರೀ-ಇಎಂಐ ಅಂದರೆ ಏನು

ಕಟ್ಟುತ್ತಿರುವ ಮನೆಗೆ ಬ್ಯಾಂಕು ಪೂರ್ತಿ ಸಾಲವನ್ನು ಒಂದೇ ಸಲಕ್ಕೆ ಕೊಡುವುದಿಲ್ಲ. ಪಾಯ, ಸ್ಲ್ಯಾಬ್, ಗೋಡೆ ಎಂದು ಕೆಲಸ ಮುಂದುವರಿದಂತೆ ಕಂತುಗಳಲ್ಲಿ ಬಿಲ್ಡರ್‌ಗೆ ಹಣ ಬಿಡುತ್ತದೆ. ಸಾಲದ ಹಣ ಕಟ್ಟಡದ ಹಂತಕ್ಕೆ ತಕ್ಕಂತೆಯೇ ಬಿಡುಗಡೆಯಾಗಬೇಕು ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಹೀಗೆ ಬಿಟ್ಟಿರುವ ಹಣಕ್ಕೆ ಮಾತ್ರ ತಿಂಗಳು ತಿಂಗಳು ಹಿಡಿಯುವ ಬಡ್ಡಿಯೇ ಪ್ರೀ-ಇಎಂಐ. ಇದರಲ್ಲಿ ಅಸಲು ಒಂದು ರೂಪಾಯಿಯೂ ತೀರುವುದಿಲ್ಲ. ಎರಡು ವರ್ಷ ಕಟ್ಟಿದ ಮೇಲೂ ಸಾಲ 60 ಲಕ್ಷಕ್ಕೆ 60 ಲಕ್ಷವೇ. ಪೂರ್ತಿ ಹಣ ಬಿಡುಗಡೆಯಾದ ಮೇಲೆ ಅಸಲು ಬಡ್ಡಿ ಸೇರಿದ ನಿಜವಾದ ಇಎಂಐ ಶುರುವಾಗುತ್ತದೆ, ಇಪ್ಪತ್ತು ವರ್ಷದ ಎಣಿಕೆಯೂ ಸಾಮಾನ್ಯವಾಗಿ ಅಲ್ಲಿಂದಲೇ.

ಲೆಕ್ಕ ಸುಲಭ. ಬಿಡುಗಡೆಯಾದ ಮೊತ್ತವನ್ನು ವಾರ್ಷಿಕ ಬಡ್ಡಿದರದಿಂದ ಗುಣಿಸಿ 12ರಿಂದ ಭಾಗಿಸಿ. ಶೇ. 8.5ಕ್ಕೆ ಪ್ರತಿ ಲಕ್ಷಕ್ಕೆ ತಿಂಗಳಿಗೆ 708 ರೂಪಾಯಿ ಬರುತ್ತದೆ. ಈ 708ನ್ನು ನೆನಪಿಟ್ಟುಕೊಂಡರೆ ಬ್ಯಾಂಕಿನ ಮೆಸೇಜು ಬರುವ ಮೊದಲೇ ಮುಂದಿನ ತಿಂಗಳ ಬಡ್ಡಿ ನಿಮಗೆ ಗೊತ್ತಿರುತ್ತದೆ.

## ಹಂತ 1: ಸ್ಯಾಂಕ್ಷನ್ ಲೆಟರ್‌ನಲ್ಲಿ ಒಂದು ಸಾಲು ಹುಡುಕಿ

ಸಾಲ ಮಂಜೂರಾದಾಗ ಬ್ಯಾಂಕು ಕೊಡುವ ಈ ಪತ್ರದಲ್ಲಿ ಬಡ್ಡಿದರವನ್ನು ಎಲ್ಲರೂ ನೋಡುತ್ತಾರೆ. ನೀವು ಹುಡುಕಬೇಕಾದದ್ದು ಪೂರ್ತಿ ಇಎಂಐ ಯಾವಾಗ ಶುರುವಾಗುತ್ತದೆ ಎಂಬ ಸಾಲು. ಎಷ್ಟೋ ಬ್ಯಾಂಕುಗಳು 'ಪೂರ್ತಿ ಹಣ ಬಿಡುಗಡೆಯಾದ ಮೇಲೆ ಅಥವಾ ಮೊದಲ ಬಿಡುಗಡೆಯಿಂದ ಇಷ್ಟು ತಿಂಗಳಾದ ಮೇಲೆ, ಯಾವುದು ಮೊದಲೋ ಅದು' ಎಂದು ಬರೆದಿರುತ್ತವೆ. ಆ 'ಇಷ್ಟು ತಿಂಗಳು' 18 ಇರಬಹುದು, 24 ಅಥವಾ 36 ಇರಬಹುದು. ನಿಮ್ಮ ಕಟ್ಟಡಕ್ಕೆ 27 ತಿಂಗಳು ಬೇಕಿದ್ದು ಪತ್ರದಲ್ಲಿ 18 ಎಂದಿದ್ದರೆ, ಮನೆ ಇನ್ನೂ ಇಟ್ಟಿಗೆ ಗೋಡೆಯಲ್ಲಿರುವಾಗಲೇ ಇಎಂಐ ಬಂದು ಕೂತುಕೊಳ್ಳುತ್ತದೆ. ಸಹಿ ಹಾಕುವ ಮೊದಲಾದರೆ ಇದನ್ನು ಕೇಳಿ ಬದಲಾಯಿಸಿಕೊಳ್ಳಬಹುದು, ಆಮೇಲೆ ಕಷ್ಟ.

ಬಡ್ಡಿ ಯಾವ ದಿನದಿಂದ ಎಣಿಕೆಯಾಗುತ್ತದೆ ಎಂಬುದನ್ನೂ ಇಲ್ಲೇ ತಿಳಿದುಕೊಳ್ಳಿ. ಕೆಲವು ಸಂಸ್ಥೆಗಳು ಸಾಲ ಮಂಜೂರಾದ ದಿನದಿಂದಲೋ, ಚೆಕ್ಕನ್ನು ಕೈಗೆ ಕೊಡುವುದು ಎಷ್ಟೋ ದಿನ ತಡವಾದರೂ ಅದರ ಮೇಲೆ ಬರೆದ ತಾರೀಖಿನಿಂದಲೋ ಬಡ್ಡಿ ಹಿಡಿಯುತ್ತಿದ್ದುದನ್ನು ರಿಸರ್ವ್ ಬ್ಯಾಂಕ್ ತಪಾಸಣೆಯಲ್ಲಿ ಕಂಡು, 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಇದು ಸಲ್ಲದು ಎಂದಿತು. ತಿಂಗಳ ನಡುವೆ ಕೊಟ್ಟ ಸಾಲಕ್ಕೆ ಇಡೀ ತಿಂಗಳ ಬಡ್ಡಿ ಹಿಡಿಯುವುದನ್ನೂ ಅದು ಹೆಸರಿಸಿದೆ. ಹಂತಹಂತವಾಗಿ ಹಣ ಬಿಡುವ ಸಾಲದಲ್ಲಿ ಈ ತಪ್ಪು ಏಳೆಂಟು ಸಲ ಮರುಕಳಿಸುವ ಅವಕಾಶ ಇರುವುದರಿಂದ ನಮಗೆ ಇದು ಸಣ್ಣ ವಿಷಯವಲ್ಲ.

## ಹಂತ 2: ಬಿಲ್ಡರ್‌ನ ಹಂತಗಳ ಪಟ್ಟಿಯನ್ನು ನಿಮ್ಮ ಬಡ್ಡಿ ಪಟ್ಟಿಯಾಗಿ ಬರೆದುಕೊಳ್ಳಿ

ಅಗ್ರಿಮೆಂಟಿನ ಹಿಂಬದಿಯಲ್ಲಿ ಪೇಮೆಂಟ್ ಶೆಡ್ಯೂಲ್ ಇರುತ್ತದೆ. ನಮ್ಮ ಉದಾಹರಣೆಯಲ್ಲಿ ಹತ್ತು ಹಂತ, ಹಂತಕ್ಕೆ ಶೇ. 10, ಅಂದರೆ 8 ಲಕ್ಷ. ಅಗ್ರಿಮೆಂಟ್ ನೋಂದಣಿಯಾಗುವ ಮೊದಲು ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ ಎಂಬುದು ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾಯ್ದೆಯ 13ನೇ ಸೆಕ್ಷನ್. ಬುಕಿಂಗ್‌ಗೆ 8 ಲಕ್ಷ, ಅಗ್ರಿಮೆಂಟ್ ಆದ ಮೇಲೆ 8 ಲಕ್ಷ, ಪಾಯ ಮುಗಿದಾಗ 8 ಲಕ್ಷ. ನಮ್ಮ ಕೈಯ ಪಾಲಾದ 20 ಲಕ್ಷವನ್ನು ಮೊದಲು ಹಾಕಿಸಿಕೊಂಡೇ ಬ್ಯಾಂಕು ತನ್ನ ಹಣ ತೆಗೆಯುತ್ತದೆ. ಹಾಗಾಗಿ ಪಾಯದ ಹಂತದಲ್ಲಿ 4 ಲಕ್ಷ ನಮ್ಮದು, 4 ಲಕ್ಷ ಬ್ಯಾಂಕಿನದು. ಬ್ಯಾಂಕಿನ ಮೊದಲ ಹಣ ಹೋದ ತಿಂಗಳನ್ನು 1 ಎಂದು ಎಣಿಸಿದರೆ ಮುಂದಿನದು ಹೀಗೆ:

| ತಿಂಗಳು | ಹಂತ | ಅಲ್ಲಿಯವರೆಗೆ ಬಿಟ್ಟ ಸಾಲ | ತಿಂಗಳ ಬಡ್ಡಿ |
|---|---|---|---|
| 1–3 | ಪಾಯ | 4 ಲಕ್ಷ | 2,833 |
| 4–6 | ನೆಲಮಹಡಿ ಸ್ಲ್ಯಾಬ್ | 12 ಲಕ್ಷ | 8,500 |
| 7–9 | 4ನೇ ಮಹಡಿ ಸ್ಲ್ಯಾಬ್ | 20 ಲಕ್ಷ | 14,167 |
| 10–12 | 8ನೇ ಮಹಡಿ ಸ್ಲ್ಯಾಬ್ | 28 ಲಕ್ಷ | 19,833 |
| 13–16 | ತಾರಸಿ ಸ್ಲ್ಯಾಬ್ | 36 ಲಕ್ಷ | 25,500 |
| 17–20 | ಗೋಡೆ, ಗಾರೆ | 44 ಲಕ್ಷ | 31,167 |
| 21–26 | ಟೈಲ್ಸ್, ಕಿಟಕಿ ಬಾಗಿಲು | 52 ಲಕ್ಷ | 36,833 |
| 27 | ಸ್ವಾಧೀನ | 60 ಲಕ್ಷ | ಇಎಂಐ 52,069 |

26 ತಿಂಗಳಿಗೆ ಒಟ್ಟು ಪ್ರೀ-ಇಎಂಐ ಸುಮಾರು 5.84 ಲಕ್ಷ. ಅದರಲ್ಲಿ ಕೊನೆಯ ಆರು ತಿಂಗಳಿನದೇ 2.21 ಲಕ್ಷ, ಮೊದಲ ವರ್ಷದ್ದೆಲ್ಲ ಸೇರಿಸಿದರೂ 1.36 ಲಕ್ಷ. ಸ್ಲ್ಯಾಬುಗಳು ಬೇಗ ಬೇಗ ಬೀಳುತ್ತವೆ. ಒಳಗಿನ ಕೆಲಸ, ಲಿಫ್ಟು, ಪರವಾನಗಿ ಎಂದು ಎಳೆಯುವುದು ಕೊನೆಯಲ್ಲಿ, ಆಗ ಸಾಲದ ಬಹುಪಾಲು ಹೊರಗೆ ಹೋಗಿರುತ್ತದೆ. ತಡವಾದರೆ ಆ ತಡದ ಪ್ರತಿ ತಿಂಗಳೂ ಇದೇ ದುಬಾರಿ ಸಾಲಿನಲ್ಲಿ ಬೀಳುತ್ತದೆ.

ಬಡ್ಡಿದರ ಫ್ಲೋಟಿಂಗ್, ಅಂದರೆ ಆಗಾಗ ಏರಿಳಿಯುವಂಥದ್ದು ಆಗಿದ್ದರೆ ಇನ್ನೊಂದು ಸೂಕ್ಷ್ಮವಿದೆ. ಇಎಂಐ ಶುರುವಾದ ಮೇಲೆ ದರ ಏರಿದರೆ ಬ್ಯಾಂಕು ಹೆಚ್ಚಾಗಿ ಅವಧಿಯನ್ನು ಉದ್ದ ಮಾಡುತ್ತದೆ, ಕಂತು ಹಾಗೇ ಇರುತ್ತದೆ. ಪ್ರೀ-ಇಎಂಐಯಲ್ಲಿ ಉದ್ದ ಮಾಡಲಿಕ್ಕೆ ಅವಧಿಯೇ ಇಲ್ಲ. ದರ ಅರ್ಧ ಶೇಕಡಾ ಏರಿದರೆ 52 ಲಕ್ಷದ ಮೇಲೆ ಮುಂದಿನ ತಿಂಗಳಿಂದಲೇ 2,167 ರೂಪಾಯಿ ಜಾಸ್ತಿ ಹೋಗುತ್ತದೆ. ಇಳಿದರೂ ಹಾಗೇ, ತಕ್ಷಣ ಇಳಿಯುತ್ತದೆ.

## ಹಂತ 3: ಪಕ್ಕದಲ್ಲೇ ಬಾಡಿಗೆಯ ಸಾಲು ಬರೆಯಿರಿ

ಬೆಂಗಳೂರಿನಲ್ಲಿ ಬಾಡಿಗೆ ಕರಾರು 11 ತಿಂಗಳಿಗೆ. ಪ್ರತಿ ನವೀಕರಣಕ್ಕೂ ಶೇ. 5 ಏರಿಕೆ ಎಂದುಕೊಂಡರೆ 1ರಿಂದ 11ನೇ ತಿಂಗಳವರೆಗೆ 25,000, 12ರಿಂದ 22ರವರೆಗೆ 26,250, 23ರಿಂದ 33ರವರೆಗೆ 27,563. ಕರಾರಿನಲ್ಲಿ ಶೇ. 10 ಎಂದಿದ್ದರೆ ಹತ್ತನ್ನೇ ಹಾಕಿ. 'ಓನರ್ ಒಳ್ಳೆಯವರು, ಏರಿಸಲ್ಲ' ಎಂಬುದನ್ನು ಬಜೆಟ್ಟಿನಲ್ಲಿ ಬರೆಯಬೇಡಿ. ಅಪಾರ್ಟ್‌ಮೆಂಟಾದರೆ ಮೇಂಟೆನೆನ್ಸ್ ಬೇರೆ ಇದೆಯೇ ನೋಡಿ.

ಈಗ ಎರಡೂ ಸಾಲನ್ನು ಕೂಡಿಸಿ. ಮೊದಲ ತಿಂಗಳು 27,833. ಹದಿಮೂರನೆಯ ತಿಂಗಳು 51,750. ಇಪ್ಪತ್ತಮೂರನೆಯ ತಿಂಗಳಿಂದ 64,396. ಕೀಲಿಕೈ ಸಿಕ್ಕಮೇಲೆ ಭಾರ ಇಳಿಯುತ್ತದೆ ಎಂದು ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. 27ನೇ ತಿಂಗಳಲ್ಲಿ ಪೂರ್ತಿ ಇಎಂಐ ಶುರುವಾಗಿರುತ್ತದೆ, ಆದರೆ ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ವೈರಿಂಗು ಮುಗಿಯದೆ ಹೋಗಿ ಇರಲಾಗುವುದಿಲ್ಲ. ಕಪಾಟಿನ ಕೆಲಸ ಎರಡು ಮೂರು ತಿಂಗಳು. ಕೀಲಿಕೈ ಆಷಾಢದಲ್ಲಿ ಸಿಕ್ಕಿತೋ, ಮನೆಯ ಹಿರಿಯರು ಶ್ರಾವಣದವರೆಗೆ ಗೃಹಪ್ರವೇಶದ ಮಾತೆತ್ತಲಿಕ್ಕೆ ಬಿಡುವುದಿಲ್ಲ. ಅದೂ ಒಂದು ತಿಂಗಳ ಬಾಡಿಗೆಯೇ. ಆ ಮೂರು ತಿಂಗಳು 52,069ಕ್ಕೆ 27,563 ಸೇರಿ 79,632 ರೂಪಾಯಿ. ಇದೇ ನಿಮ್ಮ ತುತ್ತತುದಿ. 1.3 ಲಕ್ಷ ಸಂಬಳದವರಿಗೆ ಆಗ ಉಳಿಯುವುದು ಸುಮಾರು 50,000. ಮಕ್ಕಳ ಶಾಲೆಯ ಫೀಸು ಅದೇ ತಿಂಗಳಿಗೆ ಬಂದರೆ ಏನಾಗುತ್ತದೆ ಎಂದು ಈಗಲೇ ಯೋಚಿಸಿ.

ಖರ್ಚು ತಗ್ಗಿಸಲು ಸಣ್ಣ ಮನೆಗೆ ಹೋಗುವ ಯೋಚನೆ ಇದ್ದರೆ ಬ್ಯಾಂಕಿನ ಮೊದಲ ಹಣ ಹೋಗುವ ಮೊದಲೇ ಹೋಗಿ. ನಡುವೆ ಹೋದರೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಹಳೆಯ ಓನರ್ ಪೇಂಟಿಂಗ್‌ಗೆಂದು ಹಿಡಿದುಕೊಳ್ಳುವ ಇನ್ನೊಂದು ತಿಂಗಳಿನದು, ಸಾಮಾನು ಸಾಗಿಸುವ ಖರ್ಚು ಎಲ್ಲ ಸೇರುತ್ತದೆ. ತಿಂಗಳಿಗೆ 5,000 ಉಳಿಸಲು ಹೊರಟು 65,000 ಖರ್ಚು ಮಾಡಿದರೆ ಅದು ಹುಟ್ಟಲಿಕ್ಕೇ 13 ತಿಂಗಳು ಬೇಕು.

## ಹಂತ 4: ಕೊನೆಯ ತಿಂಗಳ ಮೊತ್ತವನ್ನು ಮೊದಲ ತಿಂಗಳಿಂದಲೇ ತೆಗೆದಿಡಿ

ನಾನು ಎಲ್ಲರಿಗೂ ಹೇಳುವ ವಿಧಾನ ಇದೊಂದೇ. 23ರಿಂದ 26ನೇ ತಿಂಗಳ ಭಾರ 64,396 ಅಲ್ಲವೇ? ಅದನ್ನು 65,000 ಎಂದಿಟ್ಟುಕೊಳ್ಳಿ. ಮೊದಲ ತಿಂಗಳಿಂದಲೇ ಸಂಬಳ ಬಂದ ದಿನ 65,000ವನ್ನು ಬೇರೆ ಖಾತೆಗೆ ಹಾಕಿ. ಬಾಡಿಗೆ, ಬಡ್ಡಿ ಎರಡೂ ಆ ಖಾತೆಯಿಂದಲೇ ಹೋಗಲಿ, ಉಳಿದದ್ದು ಅಲ್ಲೇ ನಿಲ್ಲಲಿ. ಮೊದಲ ತಿಂಗಳು 37,167 ಉಳಿಯುತ್ತದೆ, ಕೊನೆಗೆ ಬರೀ ಆರುನೂರು.

26 ತಿಂಗಳಲ್ಲಿ ಹಾಕಿದ್ದು 16.90 ಲಕ್ಷ. ಅದರಲ್ಲಿ ಬಡ್ಡಿಗೆ 5.84 ಲಕ್ಷ, ಬಾಡಿಗೆಗೆ 6.74 ಲಕ್ಷ ಹೋಗಿ ಉಳಿಯುವುದು 4.32 ಲಕ್ಷ. ಇದನ್ನು ಉಳಿತಾಯ ಎಂದು ಖುಷಿಪಡುವಂತಿಲ್ಲ, ಯಾಕೆಂದರೆ ಇದಕ್ಕೆ ಯಜಮಾನರು ಆಗಲೇ ಇದ್ದಾರೆ. ಕಟ್ಟುತ್ತಿರುವ ಫ್ಲ್ಯಾಟಿಗೆ ಶೇ. 5 ಜಿಎಸ್‌ಟಿ ಇದೆ, ಅದು ಪ್ರತಿ ಹಂತಕ್ಕೂ ಹಣ ಕೇಳಿ ಬಿಲ್ಡರ್ ಕಳಿಸುವ ಡಿಮಾಂಡ್ ಲೆಟರ್ ಜೊತೆಗೇ ಬರುತ್ತದೆ. 8 ಲಕ್ಷದ ಹಂತಕ್ಕೆ 40,000. ಬ್ಯಾಂಕು ಇದನ್ನು ಕೊಡುತ್ತದೆಯೇ ಎಂದು ಮೊದಲೇ ಕೇಳಿ. ಕೊಡದಿದ್ದರೆ 26ನೇ ತಿಂಗಳೊಳಗೆ ಏಳು ಹಂತಕ್ಕೆ 2.80 ಲಕ್ಷ, ಸ್ವಾಧೀನದ ಹಂತಕ್ಕೆ ಇನ್ನೂ 40,000 ನಿಮ್ಮ ಕೈಯಿಂದ. ನಂತರದ ಮೂರು ತಿಂಗಳ ಭಾರ 79,632 ಇರುವುದರಿಂದ 65,000ಕ್ಕೆ ಮೀರಿದ ಸುಮಾರು 44,000ವೂ ಇದೇ ಗಂಟಿನಿಂದ ಹೋಗಬೇಕು. ಎಲ್ಲ ಕಳೆದು ಕೊನೆಗೆ ಸುಮಾರು 68,000 ಉಳಿಯುತ್ತದೆ. ಮೊದಲ ವರ್ಷ ಸಲೀಸು ಅನ್ನಿಸಿದಾಗ ಆ ಹಣ ಬೇರೆಡೆ ಹೋಗಿದ್ದರೆ ಟೈಲ್ಸ್ ಹಂತದಲ್ಲಿ ಪರ್ಸನಲ್ ಲೋನ್ ಹುಡುಕುವ ಸ್ಥಿತಿ ಬರುತ್ತಿತ್ತು.

ಟಿಡಿಎಸ್ ಅನ್ನೂ ಮರೆಯಬೇಡಿ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪ್ರತಿ ಕಂತಿನ ಶೇ. 1ನ್ನು ಹಿಡಿದು ಸರಕಾರಕ್ಕೆ ಕಟ್ಟುವುದು ಕೊಳ್ಳುವವರ ಹೊಣೆ. 8 ಲಕ್ಷದ ಕಂತಿಗೆ 8,000. ಬೆಲೆಯೊಳಗಿನ ಹಣವೇ ಆದರೂ ಕಟ್ಟಬೇಕಾದವರು ನೀವು. ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಬ್ಯಾಂಕು ಪೂರ್ತಿ 8 ಲಕ್ಷ ಬಿಡುವ ಮೊದಲು 7.92 ಲಕ್ಷ ಮಾತ್ರ ಬಿಡುವಂತೆ ಕೋರಿಕೆಯಲ್ಲೇ ಬರೆಯಿರಿ.

ಈ 65,000ದಲ್ಲಿ ನೋಂದಣಿಯ ಖರ್ಚನ್ನು ಸೇರಿಸಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 80 ಲಕ್ಷಕ್ಕೆ 6.08 ಲಕ್ಷ. ಇದು ಸಾಲದಲ್ಲಿ ಬರುವುದಿಲ್ಲ, ಸ್ವಾಧೀನದ ಹೊತ್ತಿಗೆ ಒಂದೇ ಏಟಿಗೆ ಬೇಕು. ಬುಕಿಂಗ್ ಮಾಡುವ ದಿನವೇ ಇದಕ್ಕೆ ಎಫ್‌ಡಿಯೋ ಚಿನ್ನವೋ ಯಾವುದಾದರೂ ಗುರುತು ಹಾಕಿಟ್ಟ ಹಣ ಇಲ್ಲದಿದ್ದರೆ, ನನ್ನ ಅಭಿಪ್ರಾಯದಲ್ಲಿ ಆ ಫ್ಲ್ಯಾಟು ನಿಮ್ಮ ಬಜೆಟ್ಟಿಗಿಂತ ದೊಡ್ಡದು.

## ಪೂರ್ತಿ ಇಎಂಐಯನ್ನೇ ಮೊದಲಿಂದ ಕಟ್ಟಿದರೆ?

ಕೆಲವು ಬ್ಯಾಂಕುಗಳು ಮೊದಲ ಬಿಡುಗಡೆಯಿಂದಲೇ ಪೂರ್ತಿ ಇಎಂಐ ಕಟ್ಟಲು ಬಿಡುತ್ತವೆ. ಬಡ್ಡಿ ಹೋಗಿ ಉಳಿದದ್ದು ಅಸಲಿಗೆ. ಮೊದಲ ತಿಂಗಳಿಂದ 52,069 ಕಟ್ಟಿದರೆ 26 ತಿಂಗಳಲ್ಲಿ ಸುಮಾರು 7.7 ಲಕ್ಷ ಹೆಚ್ಚಿಗೆ ಹೋಗಿರುತ್ತದೆ, ಉಳಿಸಿದ ಬಡ್ಡಿ ಸೇರಿ ಸಾಲ ಸುಮಾರು 8.6 ಲಕ್ಷ ಕಡಿಮೆಯಾಗುತ್ತದೆ. ಕೇಳಲು ಭಾರಿ ಲಾಭ. ಆದರೆ ಅದರಲ್ಲಿ ನಿಜವಾದ ಗಳಿಕೆ ಆ 90,000 ಬಡ್ಡಿ ಮಾತ್ರ, ಉಳಿದದ್ದು ನಿಮ್ಮದೇ ದುಡ್ಡು. ಅದೇ ಹಣವನ್ನು ಶೇ. 6.5ರ ಎಫ್‌ಡಿಯಲ್ಲಿಟ್ಟಿದ್ದರೆ ತೆರಿಗೆ ಹೋಗಿಯೂ ಐವತ್ತು ಸಾವಿರದ ಸುಮಾರು ಬರುತ್ತಿತ್ತು. ಹಾಗಾಗಿ ವ್ಯತ್ಯಾಸ ಮೂವತ್ತು ನಲವತ್ತು ಸಾವಿರ. ಅದಕ್ಕಾಗಿ 7.7 ಲಕ್ಷ ಕೈಯಿಂದ ಬಿಡುವುದೇ? ಕಟ್ಟಡ ನಿಂತರೆ, ಕೆಲಸ ಹೋದರೆ ಆ ಹಣವನ್ನು ಬ್ಯಾಂಕು ವಾಪಸು ಕೊಡುವುದಿಲ್ಲ. ಮನೆ ಕೈಗೆ ಬರುವವರೆಗೆ ಪ್ರೀ-ಇಎಂಐ ಕಟ್ಟಿ, ಉಳಿದದ್ದನ್ನು ನಿಮ್ಮಲ್ಲೇ ಇಟ್ಟುಕೊಂಡು, ಹೊಸ ಮನೆಗೆ ಹೋದ ಮೇಲೆ ಮಿಕ್ಕಿದ್ದನ್ನು ಅಸಲಿಗೆ ಕಟ್ಟುವುದು ಒಳ್ಳೆಯದು. ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಚಿತ ಪಾವತಿಯ ದಂಡ ಇಲ್ಲ. ಸಂಬಳ ಭಾರಿ ಇದ್ದು, ದುಡ್ಡು ಕೈಯಲ್ಲಿದ್ದರೆ ಖರ್ಚಾಗಿಯೇ ಹೋಗುತ್ತದೆ ಎನ್ನುವವರಿಗೆ ಮಾತ್ರ ಪೂರ್ತಿ ಇಎಂಐ ಸರಿ.

'ಸ್ವಾಧೀನದವರೆಗೆ ಪ್ರೀ-ಇಎಂಐ ನಾವೇ ಕಟ್ಟುತ್ತೇವೆ' ಎನ್ನುವ ಬಿಲ್ಡರ್ ಯೋಜನೆಗಳ ಬಗ್ಗೆ ಒಂದೇ ಮಾತು: ಸಾಲ ನಿಮ್ಮ ಹೆಸರಿನಲ್ಲಿದೆ. ಬಿಲ್ಡರ್ ಕಟ್ಟುವುದು ನಿಲ್ಲಿಸಿದ ದಿನ ಬ್ಯಾಂಕು ಬಾಗಿಲು ತಟ್ಟುವುದು ನಿಮ್ಮದನ್ನು. ನೋಯ್ಡಾ ಗುರುಗ್ರಾಮಗಳ ಕಡೆ ಸಾವಿರಾರು ಜನ ಹೀಗೆ ಸಿಕ್ಕಿಕೊಂಡು, 2025ರಲ್ಲಿ ಸುಪ್ರೀಂ ಕೋರ್ಟ್ ಬಿಲ್ಡರ್–ಬ್ಯಾಂಕುಗಳ ಕೂಡಿಕೆಯ ಬಗ್ಗೆ ಸಿಬಿಐ ತನಿಖೆಗೆ ಆದೇಶಿಸುವವರೆಗೆ ಹೋಯಿತು.

## ಹಂತ 5: ಪ್ರತಿ ಡಿಮಾಂಡ್ ಲೆಟರ್ ಬಂದಾಗ ಸೈಟಿಗೆ ಹೋಗಿ ಬನ್ನಿ

ಒಂದು ಭಾನುವಾರದ ವಿಷಯ ಹೇಳುತ್ತೇನೆ. '8ನೇ ಮಹಡಿ ಸ್ಲ್ಯಾಬ್ ಪೂರ್ಣಗೊಂಡಿದೆ, 15 ದಿನದೊಳಗೆ 8 ಲಕ್ಷ ಪಾವತಿಸಿ' ಎಂದು ಪತ್ರ ಬಂದಿತ್ತು. ಸೈಟಿಗೆ ಹೋಗಿ ರಸ್ತೆಯ ಆಚೆ ಬದಿಯಲ್ಲಿ ನಿಂತು ಮಹಡಿ ಎಣಿಸಿದೆ. ಏಳರವರೆಗೆ ಕಾಂಕ್ರೀಟು ಬೂದು ಬಣ್ಣಕ್ಕೆ ತಿರುಗಿತ್ತು. ಎಂಟನೆಯದಕ್ಕೆ ಹಲಗೆ, ಸರ್ವೆ ಕಂಬ ಕಾಣುತ್ತಿತ್ತು, ಅಂಚಿನಲ್ಲಿ ಕಬ್ಬಿಣದ ಸರಳು ಆಕಾಶಕ್ಕೆ ಚಾಚಿತ್ತು. ಗೇಟಿನ ವಾಚ್‌ಮನ್, "ಇನ್ನೂ ಸೆಂಟ್ರಿಂಗ್ ಆಯ್ತಾ ಇದೆ ಸಾರ್, ಕಾಂಕ್ರೀಟು ಬರೋದು ಮುಂದಿನ ವಾರ" ಅಂದ. ಫೋನಿನಲ್ಲಿ ಎರಡು ಫೋಟೋ ತೆಗೆದು ಬಿಲ್ಡರ್‌ಗೂ ಬ್ಯಾಂಕಿಗೂ ಮೇಲ್ ಹಾಕಿ, ಸ್ಲ್ಯಾಬ್ ಆದ ಮೇಲೆ ಆರ್ಕಿಟೆಕ್ಟ್ ಸರ್ಟಿಫಿಕೇಟ್ ಕಳಿಸಿ ಎಂದೆ. ಅದು ಬಂದದ್ದು 18 ದಿನದ ನಂತರ. 8 ಲಕ್ಷದ ಬಡ್ಡಿ ದಿನಕ್ಕೆ 186 ರೂಪಾಯಿ, 18 ದಿನಕ್ಕೆ 3,353. ದೊಡ್ಡ ಮೊತ್ತವಲ್ಲ ನಿಜ, ಆದರೆ ಹಂತ ಮುಗಿಯದೆ ಹಣ ಹೋಗುವ ಅಭ್ಯಾಸ ಒಮ್ಮೆ ಶುರುವಾದರೆ ಕಟ್ಟಡಕ್ಕಿಂತ ನಿಮ್ಮ ಸಾಲ ಮುಂದೆ ಓಡುತ್ತದೆ.

ಬ್ಯಾಂಕಿನವರೂ ಸೈಟು ನೋಡುತ್ತಾರೆ, ಆದರೆ ಹಣ ಬಿಡುಗಡೆಯ ಕೋರಿಕೆಗೆ ಸಹಿ ನಿಮ್ಮದು. ಕರ್ನಾಟಕ ರೇರಾ ಜಾಲತಾಣದಲ್ಲಿ ಬಿಲ್ಡರ್ ಮೂರು ತಿಂಗಳಿಗೊಮ್ಮೆ ಹಾಕುವ ಪ್ರಗತಿ ವರದಿಯನ್ನೂ ಹೋಲಿಸಿ ನೋಡಬಹುದು. ಕೆಲಸ ನಿಜವಾಗಿ ಮುಗಿದಿದ್ದರೆ ಮಾತ್ರ ತಡಮಾಡಬೇಡಿ, ತಡವಾದ ಪಾವತಿಗೆ ನಿಮ್ಮ ಮೇಲೂ ಬಡ್ಡಿ ಬೀಳುತ್ತದೆ.

ಹಣ ಹೋದ ತಿಂಗಳ ಬಡ್ಡಿಯನ್ನು ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ. ಹಳೆಯ 20 ಲಕ್ಷಕ್ಕೆ ಪೂರ್ತಿ ತಿಂಗಳು 14,167. ತಿಂಗಳಿಗೆ 12 ದಿನ ಇರುವಾಗ ಹೊಸ 8 ಲಕ್ಷ ಹೋಗಿದ್ದರೆ ಅದಕ್ಕೆ 12 ದಿನದ್ದು 2,236. ಒಟ್ಟು 16,403 ಆಸುಪಾಸು. ಬ್ಯಾಂಕು 19,833 ಹಿಡಿದಿದ್ದರೆ ಪೂರ್ತಿ ತಿಂಗಳಿನದನ್ನು ಹಿಡಿದಿದೆ ಎಂದರ್ಥ. ಖಾತೆಯ ಸ್ಟೇಟ್‌ಮೆಂಟ್ ಜೊತೆ ಲಿಖಿತವಾಗಿ ಕೇಳಿ.

## ಹಂತ 6: ತಡವಾದರೆ ಎಷ್ಟು, ಈಗಲೇ ಬರೆದಿಡಿ

ಸ್ವಾಧೀನ 12 ತಿಂಗಳು ತಡವಾಯಿತು ಎನ್ನಿ. 52 ಲಕ್ಷದ ಬಡ್ಡಿ 12 ತಿಂಗಳಿಗೆ 4.42 ಲಕ್ಷ. ಬಾಡಿಗೆ 33ನೇ ತಿಂಗಳವರೆಗೆ 27,563, ಆಮೇಲೆ 28,941, ಒಟ್ಟು 3.38 ಲಕ್ಷ. ಒಂದು ವರ್ಷದ ತಡಕ್ಕೆ 7.80 ಲಕ್ಷ, ಇದರಲ್ಲಿ ಅಸಲಿಗೆ ಹೋದದ್ದು ಸೊನ್ನೆ. ಆದರೂ 65,000ದ ಪದ್ಧತಿ ಹಿಡಿದವರು ಇದನ್ನು ತಾಳಿಕೊಳ್ಳುತ್ತಾರೆ, ಯಾಕೆಂದರೆ ತಿಂಗಳ ಭಾರ 65,774ನ್ನು ದಾಟುವುದಿಲ್ಲ. ಸ್ಯಾಂಕ್ಷನ್ ಲೆಟರ್‌ನ ಆ ತಿಂಗಳ ಮಿತಿ ಮುಗಿದು ಇಎಂಐ ಶುರುವಾದರೆ ಮಾತ್ರ ಲೆಕ್ಕ ತಪ್ಪುತ್ತದೆ. ತಡದ ಸುಳಿವು ಕಂಡ ಕೂಡಲೇ ಬ್ಯಾಂಕಿಗೆ ಹೋಗಿ ಪ್ರೀ-ಇಎಂಐ ಅವಧಿ ವಿಸ್ತರಿಸಲು ಅರ್ಜಿ ಕೊಡಿ.

ಅಗ್ರಿಮೆಂಟಿನಲ್ಲಿ ಹೇಳಿದ ದಿನ ದಾಟಿದರೆ ರೇರಾದ 18ನೇ ಸೆಕ್ಷನ್ ಪ್ರಕಾರ, ಫ್ಲ್ಯಾಟು ಬಿಡದೆ ಕಾಯುವವರಿಗೆ ಬಿಲ್ಡರ್ ಪ್ರತಿ ತಿಂಗಳ ತಡಕ್ಕೂ ಬಡ್ಡಿ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಅದರ ದರ ಎಸ್‌ಬಿಐ ತನ್ನ ಸಾಲಗಳಿಗೆ ಆಧಾರವಾಗಿಡುವ ಎಂಸಿಎಲ್‌ಆರ್ ಎಂಬ ಬಡ್ಡಿದರದ ಗರಿಷ್ಠಕ್ಕೆ ಶೇ. 2 ಸೇರಿಸಿದಷ್ಟು. ಬಾಡಿಗೆ ರಸೀದಿ, ಬಡ್ಡಿ ಸ್ಟೇಟ್‌ಮೆಂಟು, ಡಿಮಾಂಡ್ ಲೆಟರು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಡಿ, ದೂರು ಕೊಡಲು ಬೇಕಾಗುತ್ತದೆ. ಆದರೆ ಈ ಹಣವನ್ನು ಬಜೆಟ್ಟಿನ ಆದಾಯದ ಕಡೆ ಬರೆಯಬೇಡಿ. ಆದೇಶ ಆಗುವುದೇ ಒಂದು, ದುಡ್ಡು ಕೈಗೆ ಬರುವುದೇ ಇನ್ನೊಂದು.

## ತೆರಿಗೆಯಲ್ಲಿ ಸಿಗುತ್ತದೆ ಎಂಬ ಮಾತು

ಪ್ರೀ-ಇಎಂಐಯನ್ನು ಮನೆ ಮುಗಿದ ಮೇಲೆ ಐದು ವರ್ಷಗಳಲ್ಲಿ ಐದು ಸಮಪಾಲಾಗಿ ತೆರಿಗೆ ವಿನಾಯಿತಿಗೆ ತೋರಿಸಬಹುದು, ಇದು ನಿಜ. ಮನೆ ಮುಗಿದ ಆರ್ಥಿಕ ವರ್ಷಕ್ಕಿಂತ ಹಿಂದಿನ ಮಾರ್ಚ್ 31ರವರೆಗಿನ ಬಡ್ಡಿ ಇದಕ್ಕೆ ಲೆಕ್ಕ. ಮೊದಲ ಬಿಡುಗಡೆ ಜೂನ್‌ನಲ್ಲಿ ಆಗಿದ್ದರೆ ನಮ್ಮ ಪಟ್ಟಿಯಲ್ಲಿ 22 ತಿಂಗಳಿನದು, 4.36 ಲಕ್ಷ. ವರ್ಷಕ್ಕೆ 87,267 ರೂಪಾಯಿ. ಬಿಲ್ಡರ್‌ನ ಮಾರಾಟದ ಹುಡುಗರು ಇಷ್ಟಕ್ಕೇ ನಿಲ್ಲಿಸುತ್ತಾರೆ.

ನಾವೇ ವಾಸಿಸುವ ಮನೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಯ ವಿನಾಯಿತಿಗೆ ವರ್ಷಕ್ಕೆ ಒಟ್ಟು 2 ಲಕ್ಷದ ಮಿತಿ ಇದೆ, ಈ ಐದನೇ ಒಂದು ಪಾಲೂ ಅದರೊಳಗೇ. ಇಎಂಐಯ ಮೊದಲ ವರ್ಷದಲ್ಲಿ 60 ಲಕ್ಷಕ್ಕೆ ಬಡ್ಡಿಯೇ ಸುಮಾರು 5.05 ಲಕ್ಷ. ಮಿತಿ ಅದರಿಂದಲೇ ತುಂಬಿಹೋಯಿತು, 87,267ಕ್ಕೆ ಜಾಗವೇ ಇಲ್ಲ. ದಂಪತಿ ಇಬ್ಬರೂ ಮಾಲೀಕರೂ ಸಾಲಗಾರರೂ ಆಗಿ ತಲಾ 2 ಲಕ್ಷ ತೋರಿಸಿದರೂ ತುಂಬಿಯೇ ಇರುತ್ತದೆ. ಹೊಸ ಪದ್ಧತಿಯಲ್ಲಂತೂ ಸ್ವಂತ ವಾಸದ ಮನೆಗೆ ಈ ವಿನಾಯಿತಿಯೇ ಇಲ್ಲ. ಈ ಗಾತ್ರದ ಸಾಲದಲ್ಲಿ ಪ್ರೀ-ಇಎಂಐಯಿಂದ ತೆರಿಗೆ ಉಳಿತಾಯ ಸೊನ್ನೆ ಎಂದೇ ಬರೆದುಕೊಳ್ಳಿ. ಬಾಡಿಗೆ ಕಟ್ಟುವಷ್ಟು ದಿನ ಹಳೆಯ ಪದ್ಧತಿಯಲ್ಲಿರುವವರಿಗೆ ಸಿಗುವ ಎಚ್‌ಆರ್‌ಎ ವಿನಾಯಿತಿ ಮಾತ್ರ ನಿಜವಾದ ಉಳಿತಾಯ, ರಸೀದಿ ತಪ್ಪಿಸಬೇಡಿ.

## ಹಂತ 7: ಕೀಲಿಕೈ, ಒಸಿ ಮತ್ತು ಓನರ್‌ಗೆ ನೋಟಿಸ್

ಕೊನೆಯ 8 ಲಕ್ಷ ಹೋದ ಕ್ಷಣದಿಂದ ಇಎಂಐ ಗಡಿಯಾರ ಓಡುತ್ತದೆ. ಹಾಗಾಗಿ ಕಟ್ಟಡದಲ್ಲಿ ವಾಸಿಸಲು ಅನುಮತಿ ಕೊಡುವ ಆಕ್ಯುಪೆನ್ಸಿ ಸರ್ಟಿಫಿಕೇಟ್ ಅಂದರೆ ಒಸಿ ಬರುವ ಮೊದಲು ಆ ಕಂತಿಗೆ ಸಹಿ ಹಾಕಬೇಡಿ. 'ಫಿಟ್‌ಔಟ್‌ಗೆ, ಅಂದರೆ ಒಳಗಿನ ಕಪಾಟಿನ ಕೆಲಸಕ್ಕೆ ಕೀಲಿ ಕೊಡುತ್ತೇವೆ, ಒಸಿ ಆಮೇಲೆ ಬರುತ್ತದೆ' ಎಂದು ಕೇಳುವುದು ಮಾಮೂಲು. ಒಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಬೆಂಗಳೂರಿನಲ್ಲಿ ಎಷ್ಟೋ ಮನೆಗಳು ಮೀಟರ್ ಇಲ್ಲದೆ ನಿಂತವು. ಅಂಥ ಮನೆಗೆ ಪೂರ್ತಿ ಇಎಂಐ ಕಟ್ಟುತ್ತ ಬಾಡಿಗೆ ಮನೆಯಲ್ಲೇ ಇರಬೇಕಾಗುತ್ತದೆ.

ಬಾಡಿಗೆ ಕರಾರನ್ನು 22ನೇ ತಿಂಗಳ ಕೊನೆಗೆ ನವೀಕರಿಸುವಾಗ ಲಾಕ್-ಇನ್ ಇಲ್ಲದಂತೆ, ನೋಟಿಸ್ ಅವಧಿ ಎರಡರ ಬದಲು ಒಂದು ತಿಂಗಳು ಇರುವಂತೆ ಮಾತಾಡಿಕೊಳ್ಳಿ. "ನಮ್ಮ ಮನೆ ಮುಗಿಯೋ ಹಂತದಲ್ಲಿದೆ ಅಂಕಲ್, ತಾರೀಖು ಗಟ್ಟಿಯಾದ ಕೂಡಲೇ ಹೇಳ್ತೀನಿ" ಎಂದು ಮೊದಲೇ ತಿಳಿಸಿಟ್ಟರೆ ಹೆಚ್ಚಿನವರು ಒಪ್ಪುತ್ತಾರೆ. ನೋಟಿಸ್ ಕೊಡುವುದು ಅಡುಗೆಮನೆಯ ಕಪಾಟು ಕೂತ ಮೇಲೆ, ಬಿಲ್ಡರ್ ಕೊಟ್ಟ ದಿನವನ್ನು ನಂಬಿಕೊಂಡಲ್ಲ. ಓನರ್ ಬಳಿ ಇರುವ ಅಡ್ವಾನ್ಸನ್ನು ಕಪಾಟಿನವನಿಗೆ ಕೊಡುತ್ತೇನೆ ಎಂದು ಲೆಕ್ಕ ಹಾಕಬೇಡಿ. ಅದು ವಾಪಸು ಬರುವುದು ಮನೆ ಖಾಲಿ ಮಾಡಿದ ಮೇಲೆ, ಅದೂ ಪೇಂಟಿಂಗ್ ಕಳೆದು. ಕಪಾಟಿನವನಿಗೆ ಮುಂಗಡ ಕೊಡಬೇಕಾದದ್ದು ಅದಕ್ಕಿಂತ ಎರಡು ತಿಂಗಳು ಮೊದಲು.